ಬೆಳಗಿನ ಆಕಾಶದಲ್ಲಿ ಪಟ್ಟೆ: ಎಡಿಟ್‌ನಿಂದ ಕಲರ್‌ಗೆ ಫುಟೇಜ್ ಸಾಗಿಸಿದ ದಾಖಲೆ

ಹನ್ನೆರಡು ನಿಮಿಷದ ಸಾಕ್ಷ್ಯಚಿತ್ರ. ಗದ್ದೆ ಬಯಲಲ್ಲಿ ರಾತ್ರಿಯಿಡೀ ನಡೆದ ಒಂದು ಯಕ್ಷಗಾನ ಬಯಲಾಟ, ಚೌಕಿಯಲ್ಲಿ ಬಣ್ಣ ಹಚ್ಚುವುದರಿಂದ ಹಿಡಿದು ಬೆಳಗ್ಗೆ ಮಂಗಳ ಹಾಡುವವರೆಗೆ. ಎಡಿಟ್ ಮಾಡಿದ್ದು ನಾನು, ಕುಂದಾಪುರದಲ್ಲಿ, ಪ್ರೀಮಿಯರ್ ಪ್ರೊದಲ್ಲಿ. ಕಲರ್ ಮಾಡಿದ್ದು ಬೆಂಗಳೂರಿನ ಗೆಳೆಯ, ಡಾವಿಂಚಿ ರಿಸಾಲ್ವ್‌ನಲ್ಲಿ. ಈ ಎರಡು ಜಾಗದ ಮಧ್ಯೆ ಫುಟೇಜ್ ಯಾವ ರೂಪದಲ್ಲಿ ಹೋಗಬೇಕು ಅನ್ನುವ ವಿಷಯದಲ್ಲೇ ನಾನು ಎರಡು ಸಲ ಎಡವಿದೆ. ಮೂರನೇ ಸಲ ಸರಿಯಾಯಿತು. ಏನೇನು ಮಾಡಿದೆ ಅಂತ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮೊದಲ ಸಲ: ಎಚ್.264

ನಮ್ಮ ಮನೆಯ ಇಂಟರ್ನೆಟ್ ಅಪ್‌ಲೋಡ್ ನಿಧಾನ. ಅದಕ್ಕೆ ಇಡೀ ಟೈಮ್‌ಲೈನನ್ನು ಒಂದೇ ಫೈಲ್ ಮಾಡಿ, 3840×2160 ಅಳತೆಯಲ್ಲಿ, ಸೆಕೆಂಡಿಗೆ 40 ಮೆಗಾಬಿಟ್‌ನ ಎಚ್.264 ಆಗಿ ಎಕ್ಸ್‌ಪೋರ್ಟ್ ಮಾಡಿದೆ. 3.6 ಜಿಬಿ ಬಂತು. ಕಲರ್ ಅವನೇ ಮಾಡುತ್ತಾನಲ್ಲ ಅಂತ ಚಿತ್ರವನ್ನು ಸಹಜ ಬಣ್ಣದಲ್ಲಿ ನೋಡಲು ನಾನು ಹಾಕಿಕೊಂಡಿದ್ದ ಲಟ್ ತೆಗೆದು, ಕ್ಯಾಮೆರಾ ಬರೆದ ಮಂಕು ಎಸ್-ಲಾಗ್3 ರೂಪ ಹೇಗಿತ್ತೋ ಹಾಗೆಯೇ ಕಳಿಸಿದೆ. ನನ್ನ ಮಾನಿಟರ್‌ನಲ್ಲಿ ನೋಡಿದಾಗ ಚಿತ್ರ ಚೆನ್ನಾಗಿಯೇ ಇತ್ತು. ಮಂಕಾಗಿತ್ತು, ಆದರೆ ಲಾಗ್ ಫುಟೇಜ್ ಇರುವುದೇ ಹಾಗಲ್ವಾ.

ಮಾರನೇ ದಿನ ಅವನ ಫೋನ್ ಬಂತು. "ಮಾರಾಯಾ, ಬೆಳಗಿನ ಶಾಟಿಗೆ ಸ್ವಲ್ಪ ಕಾಂಟ್ರಾಸ್ಟ್ ಕೊಟ್ರೆ ಸಾಕು, ಆಕಾಶ ಪೂರ್ತಿ ಪಟ್ಟೆ ಪಟ್ಟೆ. ಮುಂಡಾಸಿನ ಕೆಂಪು ಮಾತ್ರ ಹಿಡಿಲಿಕ್ಕೆ ಹೋದ್ರೆ ಅಂಚು ಗರಗಸದ ಹಾಗೆ ಬರ್ತದೆ."

ಅವನು ಕಳಿಸಿದ ಸ್ಟಿಲ್‌ಗಳನ್ನು ನೋಡಿದೆ. ಆಟ ಮುಗಿಯುವ ಹೊತ್ತಿನ ತಿಳಿ ನೀಲಿ ಆಕಾಶ ಮೇಲಿನಿಂದ ಕೆಳಕ್ಕೆ ಮೆಟ್ಟಿಲಿನಂತೆ ಒಡೆದುಹೋಗಿತ್ತು. ಮೂಲ ಫುಟೇಜ್‌ನಲ್ಲಿ ಇದು ಇಲ್ಲ ಅನ್ನುವುದು ನನಗೆ ಗೊತ್ತಿತ್ತು. ಅದೇ ಲಟ್ ಹಾಕಿ ಎಷ್ಟೋ ಸಲ ನೋಡಿದ್ದೆ. ಹಾಗಾದರೆ ಹಾಳಾದದ್ದು ದಾರಿಯಲ್ಲಿ.

ಕ್ಯಾಮೆರಾದ ಮೂಲ ಫೈಲು, ನಾನು ಕಳಿಸಿದ ಫೈಲು, ಎರಡರ ಒಳಗೆ ಏನಿದೆ ಅಂತ `ffprobe` ಓಡಿಸಿ ನೋಡಿದೆ:

```
ffprobe -v error -select_streams v:0 \
 -show_entries stream=codec_name,profile,pix_fmt \
 -of default=nw=1 file.mov
```

ಕ್ಯಾಮೆರಾ ಫೈಲಿಗೆ `yuv422p10le` ಅಂತ ಬಂತು. ನಾನು ಕಳಿಸಿದ್ದಕ್ಕೆ ಬಂದದ್ದು `yuv420p`. ಈ ಎರಡು ಪದಗಳಲ್ಲೇ ಕಥೆ ಎಲ್ಲ ಇದೆ. ಮೊದಲನೆಯದು 10 ಬಿಟ್, 4:2:2. ಎರಡನೆಯದು 8 ಬಿಟ್, 4:2:0. ಬಿಟ್ ಅಂದರೆ ಬೆಳಕಿನ ಮೆಟ್ಟಿಲುಗಳ ಲೆಕ್ಕ; 4:2:2, 4:2:0 ಅಂದರೆ ಬಣ್ಣದ ಮಾಹಿತಿ ಎಷ್ಟು ಉಳಿದಿದೆ ಅನ್ನುವುದು.

ಪಟ್ಟೆ ಯಾಕೆ ಬಂತು

ಇದನ್ನು ಸುಮ್ನೆ "8 ಬಿಟ್ ಕಡಿಮೆ, 10 ಬಿಟ್ ಜಾಸ್ತಿ" ಅಂತ ಬಿಟ್ಟುಬಿಡಬಾರದು. ಲೆಕ್ಕ ಹಾಕಿದಾಗಲೇ ನನಗೂ ಪೂರ್ತಿ ಅರ್ಥವಾದದ್ದು.

ಎಸ್-ಲಾಗ್3ಯಲ್ಲಿ ಕಪ್ಪು ಇರುವುದು 10 ಬಿಟ್ ಲೆಕ್ಕದ 95ನೇ ಅಂಕಿಯಲ್ಲಿ. ನಡುವಿನ ಬೂದು 420ರಲ್ಲಿ. ಬಿಳಿ ಕಾಗದದಂಥ, 90 ಪರ್ಸೆಂಟ್ ಬೆಳಕು ಹಿಂತಿರುಗಿಸುವ ವಸ್ತು 598ರಲ್ಲಿ. ಅಂದರೆ ಸಾಮಾನ್ಯವಾಗಿ ನಾವು ನೋಡುವ ಎಲ್ಲವೂ ಸುಮಾರು 500 ಮೆಟ್ಟಿಲಿನೊಳಗೆ ಕೂರುತ್ತದೆ. ಅದರ ಮೇಲಿನ ಜಾಗ ದೀಪ, ಆಕಾಶದಂಥ ಹೆಚ್ಚಿನ ಬೆಳಕಿಗೆ ಮೀಸಲು. ಇದನ್ನೇ 8 ಬಿಟ್ಟಿಗೆ ಇಳಿಸಿದರೆ ನಾಲ್ಕು ಮೆಟ್ಟಿಲು ಸೇರಿ ಒಂದಾಗುತ್ತದೆ. 500 ಇದ್ದದ್ದು 125ಕ್ಕೆ ಬರುತ್ತದೆ.

ನನ್ನ ಬೆಳಗಿನ ಶಾಟಿನಲ್ಲಿ ಆಕಾಶ, ಬೆಳಕು ಅಳೆದು ತೋರಿಸುವ ವೇವ್‌ಫಾರ್ಮ್‌ನ ತೆಳು ಪಟ್ಟಿಯೊಂದರಲ್ಲಿ ಇತ್ತು. 10 ಬಿಟ್‌ನಲ್ಲಿ ಸುಮಾರು 80 ಮೆಟ್ಟಿಲು. 8 ಬಿಟ್‌ನಲ್ಲಿ 20. ಫ್ರೇಮಿನಲ್ಲಿ ಆಕಾಶ ಸುಮಾರು 1000 ಸಾಲು ಎತ್ತರ. ಅಲ್ಲಿಗೆ 20 ಮೆಟ್ಟಿಲು ಅಂದರೆ ಒಂದೊಂದು ಪಟ್ಟೆ 50 ಸಾಲು ದಪ್ಪ. ಲಾಗ್ ರೂಪದಲ್ಲಿ ಪಕ್ಕಪಕ್ಕದ ಪಟ್ಟೆಗಳ ವ್ಯತ್ಯಾಸ ತೀರಾ ಸಣ್ಣದು, ಕಣ್ಣಿಗೆ ಕಾಣುವುದಿಲ್ಲ. ಕಲರ್ ಮಾಡುವವನು ಆ ತೆಳು ಪಟ್ಟಿಯನ್ನು ಎರಡು ಮೂರು ಪಟ್ಟು ಹಿಗ್ಗಿಸುತ್ತಾನೆ. ಆಗ ಪಟ್ಟೆಗಳ ನಡುವಿನ ಅಂತರವೂ ಅಷ್ಟೇ ಹಿಗ್ಗುತ್ತದೆ. ನನ್ನ ಮಾನಿಟರ್‌ನಲ್ಲಿ ಚೆನ್ನಾಗಿ ಕಂಡದ್ದು ಅದಕ್ಕೇ. ಫೈಲ್ ಮೊದಲೇ ಹಾಳಾಗಿತ್ತು, ತೋರಿಸಿಕೊಂಡಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ಕ್ಯಾಮೆರಾದ ಫುಟೇಜ್‌ನಲ್ಲಿ ಸಣ್ಣ ಗ್ರೇನ್ ಇರುತ್ತದೆ. ಮೆಟ್ಟಿಲಿನ ಅಂಚನ್ನು ಕಣ್ಣಿಗೆ ಕಾಣದಂತೆ ಮುಚ್ಚುವುದು ಅದೇ. ಎಚ್.264 ಬಿಟ್ ಉಳಿಸಲು ಮೊದಲು ಬಿಸಾಡುವುದೂ ಈ ಸಣ್ಣ ಗ್ರೇನನ್ನೇ, ಅದರಲ್ಲೂ ಆಕಾಶದಂಥ ನುಣುಪು ಜಾಗದಲ್ಲಿ. ಡೆಲಿವರಿ ಕೋಡೆಕ್ ಮಾಡಬೇಕಾದ ಕೆಲಸವೇ ಅದು: ಮುಗಿದ ಚಿತ್ರವನ್ನು ನೋಡುವ ಕಣ್ಣಿಗೆ ಬೇಡದ್ದನ್ನು ಬಿಡುವುದು. ಆದರೆ ಕಲರ್ ಮಾಡುವವನಿಗೆ ಬೇಕಾಗುವುದು ಆ ಕಣ್ಣಿಗೆ ಬೇಡದ್ದೇ.

ಮುಂಡಾಸಿನ ಗರಗಸದ ಕಾರಣ ಬೇರೆ. 4:2:0ಯಲ್ಲಿ ಬಣ್ಣದ ಮಾಹಿತಿ ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧ. 3840×2160 ಚಿತ್ರಕ್ಕೆ ಬಣ್ಣ ಇರುವುದು 1920×1080 ಅಷ್ಟೇ. ಕಪ್ಪು ಹಿನ್ನೆಲೆಯ ಮುಂದೆ ಗಾಢ ಕೆಂಪು ಇದ್ದರೆ ಅಂಚನ್ನು ಬಣ್ಣವೇ ಹೇಳಬೇಕು, ಬೆಳಕಿನ ಸಹಾಯ ಕಡಿಮೆ. ಯಕ್ಷಗಾನದಂಥ ವಿಷಯಕ್ಕೆ ಇದು ತುಂಬಾ ಪೆಟ್ಟು. ರಾತ್ರಿ, ಕೆಂಪು, ಹೊಳೆಯುವ ಕಿರೀಟ, ಎಲ್ಲವೂ ಒಂದೇ ಫ್ರೇಮಿನಲ್ಲಿ.

ಎರಡನೇ ಸಲ: ಹೆಸರು ನೋಡಿ ಆರಿಸಿದ್ದು

ಸರಿ, ಕೆಲಸದ ನಡುವೆ ಫುಟೇಜ್ ಕೈ ಬದಲಿಸಲೆಂದೇ ಇರುವ, ಕಡಿಮೆ ಒತ್ತುವ ಇಂಟರ್‌ಮೀಡಿಯೇಟ್ ಕೋಡೆಕ್ ಬೇಕು. ಪೂರ್ತಿ ಕಳಿಸುವ ಮೊದಲು ಬೆಳಗಿನ ಶಾಟೊಂದನ್ನೇ 10 ಸೆಕೆಂಡು ಮಾಡಿ ನೋಡೋಣ ಅಂತ `DNxHR HQ` ಆರಿಸಿದೆ. ಪ್ರೊರೆಸ್ 422 ಎಚ್‌ಕ್ಯೂ ಅಂತ ಒಂದಿದೆ, ಇದೂ ಎಚ್‌ಕ್ಯೂ, ಎರಡೂ ಒಂದೇ ದರ್ಜೆ ಇರಬೇಕು ಅಂದುಕೊಂಡೆ. ಫೈಲ್ ದೊಡ್ಡದಾಗಿಯೇ ಬಂತು. ನೋಡಿ ಸಮಾಧಾನವೂ ಆಯಿತು.

ಆದರೆ ಕಾಂಟ್ರಾಸ್ಟ್ ಏರಿಸಿದರೆ ಪಟ್ಟೆ ಮತ್ತೆ ಬಂತು. ಮೊದಲಿನಷ್ಟು ಕೆಟ್ಟದಾಗಿ ಅಲ್ಲ, ಗ್ರೇನ್ ಉಳಿದಿತ್ತಲ್ಲ. ಆದರೂ ಇತ್ತು. ಮತ್ತೆ `ffprobe` ಓಡಿಸಿದೆ. ಬಂದದ್ದು `yuv422p`. ಕೊನೆಯಲ್ಲಿ `10le` ಇಲ್ಲ.

ಇಲ್ಲಿ ಅನೇಕರು ಮೋಸ ಹೋಗುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಡಿಎನ್‌ಎಕ್ಸ್‌ಎಚ್‌ಆರ್ ಕುಟುಂಬದಲ್ಲಿ `LB`, `SQ`, `HQ` ಮೂರೂ 8 ಬಿಟ್. 10 ಬಿಟ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ `HQX` ಅಥವಾ `444` ಆರಿಸಬೇಕು. ಪ್ರೊರೆಸ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರಾಕ್ಸಿಯಿಂದ ಹಿಡಿದು 422 ಎಚ್‌ಕ್ಯೂವರೆಗೆ ಎಲ್ಲವೂ 10 ಬಿಟ್, 4:2:2. ಬದಲಾಗುವುದು ಎಷ್ಟು ಒತ್ತಿ ಹಿಡಿಯುತ್ತದೆ ಅನ್ನುವುದು ಮಾತ್ರ. ಫೈಲ್ ಗಾತ್ರ ನೋಡಿ ಕಂಡುಹಿಡಿಯುತ್ತೇನೆ ಅಂದರೂ ಆಗದು, `HQ`ಗೂ `HQX`ಗೂ ಗಾತ್ರ ಹೆಚ್ಚುಕಡಿಮೆ ಒಂದೇ. `ffprobe` ಎರಡಕ್ಕೂ ಕೋಡೆಕ್ ಹೆಸರು `dnxhd` ಅಂತಲೇ ತೋರಿಸುತ್ತದೆ. `profile` ಮತ್ತು `pix_fmt` ಸಾಲುಗಳನ್ನು ನೋಡಿದರೇ ತಿಳಿಯುವುದು.

ಅದೇ ಶಾಟನ್ನು `DNxHR HQX`ನಲ್ಲಿ ಒಂದು, ಪ್ರೊರೆಸ್ 422 ಎಚ್‌ಕ್ಯೂನಲ್ಲಿ ಒಂದು ಮಾಡಿ ನೋಡಿದೆ. ಎರಡರಲ್ಲೂ ಆಕಾಶ ನುಣುಪಾಗಿ ಹಿಗ್ಗಿತು. ನನ್ನ ಕಣ್ಣಿಗೆ ಇವೆರಡರ ನಡುವೆ ಆರಿಸಲು ಏನೂ ಇರಲಿಲ್ಲ. ಗೆಳೆಯನದ್ದು ಎಂ1 ಪ್ರೊ ಚಿಪ್ಪಿನ ಮ್ಯಾಕ್, ಅದರಲ್ಲಿ ಪ್ರೊರೆಸ್‌ಗೆಂದೇ ಹಾರ್ಡ್‌ವೇರ್ ಇದೆ. ನನ್ನ ವಿಂಡೋಸ್ ಪ್ರೀಮಿಯರ್ ಕೂಡ ಪ್ರೊರೆಸ್ ಬರೆಯುತ್ತದೆ. ಅದಕ್ಕೆ ಪ್ರೊರೆಸ್ ಅಂತ ತೀರ್ಮಾನವಾಯಿತು. ಎರಡೂ ಕಡೆ ವಿಂಡೋಸ್ ಇದ್ದಿದ್ದರೆ `HQX` ತೆಗೆದುಕೊಳ್ಳುತ್ತಿದ್ದೆ.

ಒಂದು ಮಾತು. ಮೊದಲ ಸಲದ ಎಚ್.264 ಫೈಲನ್ನೇ ಪ್ರೊರೆಸ್ ಮಾಡಿ ಕಳಿಸಿದರೆ ಆಗುವುದಿಲ್ಲ. ದೊಡ್ಡ ಪಾತ್ರೆಗೆ ಸುರಿದ ಮಾತ್ರಕ್ಕೆ ನೀರು ಜಾಸ್ತಿ ಆಗುವುದಿಲ್ಲ. `pix_fmt` 10 ಬಿಟ್ ಅಂತ ತೋರಿಸುತ್ತದೆ, ಮೆಟ್ಟಿಲು ಮಾತ್ರ ಅದೇ 20.

ಮೂಲ ಫೈಲೇ ಕಳಿಸಬಾರದಿತ್ತೇ?

ಕಳಿಸಬಹುದಿತ್ತು. ನಿಜ ಹೇಳಬೇಕೆಂದರೆ ಅದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಕ್ಯಾಮೆರಾ ಫೈಲು, ಜೊತೆಗೆ ಯಾವ ಶಾಟು ಎಲ್ಲಿ ಕಟ್ ಆಗಿದೆ ಅಂತ ಬರೆದಿಟ್ಟ ಒಂದು ಎಕ್ಸ್‌ಎಂಎಲ್. ರಿಸಾಲ್ವ್ ಆ ಎಕ್ಸ್‌ಎಂಎಲ್ ಓದಿ ಮೂಲ ಫೈಲುಗಳ ಮೇಲೆಯೇ ಟೈಮ್‌ಲೈನ್ ಕಟ್ಟಿಕೊಳ್ಳುತ್ತದೆ. ನಡುವೆ ಒಂದು ಸಲವೂ ಮರು-ಎನ್‌ಕೋಡ್ ಇಲ್ಲ. ಸೆನ್ಸರ್ ಕಂಡದ್ದನ್ನು ಹಾಗೆಯೇ ಹಿಡಿದಿಡುವ ರಾ ಫುಟೇಜ್ ಆಗಿದ್ದರೆ ಬೇರೆ ಯೋಚನೆಯೇ ಬೇಡ, ಮೂಲವನ್ನೇ ಕಳಿಸಬೇಕು. ಇಂಟರ್‌ಮೀಡಿಯೇಟ್ ಮಾಡಿದ ಕ್ಷಣ ರಾ ಕೊಡುವ ಸ್ವಾತಂತ್ರ್ಯ ಹೋಗುತ್ತದೆ.

ನನಗೆ ತೊಂದರೆ ಆದದ್ದು ಗಾತ್ರದಲ್ಲಿ. ಆಟ ರಾತ್ರಿಯಿಡೀ ನಡೆಯುತ್ತದೆ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಇಟ್ಟು ಇಪ್ಪತ್ತು ಮೂವತ್ತು ನಿಮಿಷ ಬಿಡದೆ ತೆಗೆದ ಕ್ಲಿಪ್ಪುಗಳೇ ಹೆಚ್ಚು. ಎಡಿಟ್‌ನಲ್ಲಿ ಒಂದೊಂದರಿಂದ ಬಳಸಿದ್ದು ಐದಾರು ಸೆಕೆಂಡು. ಬಳಸಿದ ಕ್ಲಿಪ್ಪುಗಳ ಮೂಲವೆಲ್ಲ ಸೇರಿ 310 ಜಿಬಿ. ನನ್ನ ಬಳಿ ಖಾಲಿ ಇದ್ದದ್ದು 250 ಜಿಬಿಯ ಒಂದು ಎಸ್‌ಎಸ್‌ಡಿ.

ಅದಕ್ಕೆ ಪ್ರೀಮಿಯರ್‌ನ ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ `Consolidate and Transcode` ಬಳಸಿದೆ. ಬಳಸಿದ ಭಾಗ ಮಾತ್ರ ಕತ್ತರಿಸಿ, ಎರಡೂ ಬದಿಗೆ 25 ಫ್ರೇಮ್ ಹೆಚ್ಚುವರಿ ತುಣುಕು, ಅಂದರೆ ಹ್ಯಾಂಡಲ್ ಬಿಟ್ಟು, ಪ್ರೊರೆಸ್ 422 ಎಚ್‌ಕ್ಯೂ ಆಗಿ. ಲೆಕ್ಕ ಹೀಗೆ: ಚಿತ್ರ 720 ಸೆಕೆಂಡು. 148 ಶಾಟು, ಒಂದೊಂದಕ್ಕೆ ಎರಡು ಸೆಕೆಂಡು ಹ್ಯಾಂಡಲ್, ಅಲ್ಲಿಗೆ 296 ಸೆಕೆಂಡು. ಒಟ್ಟು 1016 ಸೆಕೆಂಡು. ಈ ಅಳತೆಗೆ, 25 ಫ್ರೇಮಿಗೆ, ಪ್ರೊರೆಸ್ 422 ಎಚ್‌ಕ್ಯೂ ಸೆಕೆಂಡಿಗೆ 737 ಮೆಗಾಬಿಟ್, ಅಂದರೆ ಸುಮಾರು 92 ಮೆಗಾಬೈಟ್ ತಿನ್ನುತ್ತದೆ. ಹತ್ತಿರ ಹತ್ತಿರ 94 ಜಿಬಿ. ಎಸ್‌ಎಸ್‌ಡಿಯಲ್ಲಿ ಆರಾಮವಾಗಿ ಹಿಡಿಯಿತು.

ಎಚ್‌ಕ್ಯೂ ಅಲ್ಲದ ಬರಿ ಪ್ರೊರೆಸ್ 422 ತೆಗೆದುಕೊಂಡಿದ್ದರೆ 62 ಜಿಬಿ ಸಾಕಿತ್ತು. ಹಗಲಲ್ಲಿ ತೆಗೆದ ಸಂದರ್ಶನದಂಥ ಚಿತ್ರವಾಗಿದ್ದರೆ ನಾನು ಅದನ್ನೇ ಆರಿಸುತ್ತಿದ್ದೆ. ಇಲ್ಲಿ ಲಾಗ್ ಫುಟೇಜ್, ಮೇಲಿಂದ ರಾತ್ರಿಯ ಗ್ರೇನ್. ಒತ್ತುವ ಕೋಡೆಕ್‌ಗೆ ಗ್ರೇನ್ ಅಂದರೆ ಕಷ್ಟ. ಜಾಗ ಇತ್ತು, ಎಚ್‌ಕ್ಯೂ ಇರಲಿ ಅಂದುಕೊಂಡೆ.

ಡಿಸ್ಕಿನ ವಿಷಯ ಹೇಳಲೇಬೇಕು. ಜೇಬಿನಲ್ಲಿಡುವ ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಚಿಲ್ಲರೆ ಮೆಗಾಬೈಟ್ ಓದುತ್ತದೆ. ಒಂದು ಶಾಟಿಗೆ 92 ಬೇಕು, ಅದು ಹೇಗೋ ನಡೆಯುತ್ತದೆ. ಡಿಸಾಲ್ವ್ ಬಂದಾಗ ಎರಡು ಶಾಟು ಒಟ್ಟಿಗೆ ಓಡಬೇಕು, 184. ಅಲ್ಲಿ ನಿಂತು ನಿಂತು ಹೋಗುತ್ತದೆ. ಆಗ ಮಂದಿ ಕಂಪ್ಯೂಟರ್ ನಿಧಾನ ಅಂದುಕೊಳ್ಳುತ್ತಾರೆ, ನಿಧಾನ ಇರುವುದು ಡಿಸ್ಕು. ಎಚ್.264ನದ್ದು ಇದಕ್ಕೆ ಉಲ್ಟಾ. ಅಲ್ಲಿ ಡಿಸ್ಕಿಗೆ ಕೆಲಸವಿಲ್ಲ, ಪ್ರೊಸೆಸರ್‌ಗೆ ಪ್ರಾಣ ಹೋಗುತ್ತದೆ. ಒಂದು ಫ್ರೇಮ್ ತೋರಿಸಲು ಅದರ ಹಿಂದುಮುಂದಿನ ಹಲವು ಫ್ರೇಮು ಬಿಡಿಸಬೇಕು. ಪ್ರೊರೆಸ್‌ನಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ತಿ.

ಎರಡು ಬಗೆಯ ಕ್ಲಿಪ್ಪನ್ನು ಈ ಕತ್ತರಿಸುವ ಕೆಲಸದಿಂದ ಹೊರಗಿಟ್ಟೆ. ಒಂದು, ವೇಗ ಬದಲಿಸಿದ ಮೂರು ಶಾಟು. ಇವುಗಳ ಪೂರ್ತಿ ಮೂಲವನ್ನೇ ಡಿಸ್ಕಿಗೆ ಹಾಕಿದೆ. ಎರಡು, ಚೌಕಿಯೊಳಗೆ ಫೋನಿನಲ್ಲಿ ತೆಗೆದ ಒಂದು ಕ್ಲಿಪ್. ಫೋನಿನ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಎಕ್ಸ್‌ಎಂಎಲ್‌ನಲ್ಲಿ ಹೋದಾಗ ಶಾಟು ಜಾರುತ್ತದೆ. ಅದನ್ನು ಸಮ ಮಾಡಿಕೊಂಡೆ:

```
ffmpeg -i phone.mp4 -vf fps=30 -c:v prores_ks \
 -profile:v 2 -pix_fmt yuv422p10le \
 -c:a pcm_s16le phone_cfr.mov
```

`-profile:v 2` ಅಂದರೆ ಬರಿ 422. ಮೂಲವೇ 8 ಬಿಟ್ ಇರುವಾಗ ಎಚ್‌ಕ್ಯೂ ಜಾಗ ದಂಡ. ಈ ಕೆಲಸ ಎಡಿಟ್ ಶುರು ಮಾಡುವ ಮೊದಲೇ ಆಗಬೇಕಿತ್ತು. ಈಗ ಆ ಒಂದು ಶಾಟನ್ನು ಟೈಮ್‌ಲೈನಿನಲ್ಲಿ ಕೈಯಿಂದ ಮತ್ತೆ ಕೂರಿಸಬೇಕಾಯಿತು.

ಡಿಸ್ಕಿನಲ್ಲಿ ಹೋದದ್ದು

ಕತ್ತರಿಸಿದ ಪ್ರೊರೆಸ್ ಕ್ಲಿಪ್ಪುಗಳು. ಹೊಸ ಪ್ರಾಜೆಕ್ಟಿನಿಂದ ತೆಗೆದ `Final Cut Pro XML`. ಜೊತೆಗೆ ಒಂದು ರೆಫರೆನ್ಸ್ ಮೂವಿ: ಇಡೀ ಚಿತ್ರ, ಟೈಮ್‌ಕೋಡ್ ಮೇಲೆ ಬರೆದು, 1080ರಲ್ಲಿ, 10 ಮೆಗಾಬಿಟ್‌ನ ಎಚ್.264. ಹೌದು, ಇದು ಎಚ್.264ನೇ. ಇದರ ಮೇಲೆ ಯಾರೂ ಕಲರ್ ಮಾಡುವುದಿಲ್ಲ. ಯಾವ ಶಾಟು ಎಲ್ಲಿ ಇರಬೇಕು ಅಂತ ಕಣ್ಣಿಗೆ ತೋರಿಸಲು ಮಾತ್ರ. 900 ಎಂಬಿಯಲ್ಲಿ ಮುಗಿಯಿತು.

ರಾತ್ರಿ ಬಸ್ಸಿಗೆ ಪಾರ್ಸಲ್ ಹಾಕಿದೆ. ಬೆಳಗ್ಗೆ ಅವನ ಕೈಯಲ್ಲಿತ್ತು. ನಮ್ಮ ಮನೆಯ ಇಂಟರ್ನೆಟ್‌ಗಿಂತ ಬಸ್ಸು ಎಷ್ಟೋ ವೇಗ.

ಅವನು ಎಕ್ಸ್‌ಎಂಎಲ್ ತೆರೆದು, ರೆಫರೆನ್ಸ್ ಮೂವಿಯನ್ನು ಮೇಲಿನ ಟ್ರ್ಯಾಕಿನಲ್ಲಿಟ್ಟು, ಅದರ `Composite Mode` ಅನ್ನು `Difference` ಮಾಡಿದ. ಮೇಲಿನ ಚಿತ್ರದಿಂದ ಕೆಳಗಿನದನ್ನು ಕಳೆದು ತೋರಿಸುವ ವಿಧಾನ ಇದು. ಸರಿಯಾಗಿ ಕೂತ ಶಾಟು ಬಹುತೇಕ ಕಪ್ಪಾಗಿ ಕಾಣುತ್ತದೆ. ಅಂಚಿನಲ್ಲಿ ಸಣ್ಣ ಗೆರೆ ಕಂಡರೆ ಅದು ಎಚ್.264 ಒತ್ತಿದ್ದರ ಗುರುತು, ಚಿಂತೆ ಇಲ್ಲ. ನೆರಳಿನ ಹಾಗೆ ಎರಡು ಆಕೃತಿ ಕಂಡರೆ ಶಾಟು ಜಾರಿದೆ ಅಂತ ಅರ್ಥ. ಹೀಗೆ ಎರಡು ಸಿಕ್ಕವು. ವೇಗ ಬದಲಿಸಿದ ಶಾಟೊಂದು ಎರಡು ಫ್ರೇಮ್ ಆಚೆ ಇತ್ತು. ಫೋನಿನ ಕ್ಲಿಪ್ ಅಳತೆ ತಪ್ಪಿತ್ತು, ಯಾಕೆಂದರೆ ನಾನು ಪ್ರೀಮಿಯರ್‌ನಲ್ಲಿ `Scale to Frame Size` ಬಳಸಿದ್ದೆ. ಅದು ಎಕ್ಸ್‌ಎಂಎಲ್‌ನಲ್ಲಿ ಸರಿಯಾಗಿ ದಾಟುವುದಿಲ್ಲ. `Set to Frame Size` ಬಳಸಿದರೆ ದಾಟುತ್ತದೆ.

ವಾಪಸ್ಸು ಬರುವಾಗ

ಕಲರ್ ಮುಗಿದ ಮೇಲೆ ಅವನು ಕೇಳಿದ, "ಈಗ ಎಲ್ಲ ಆಯ್ತಲ್ಲ, ಇನ್ನು ಎಚ್.264 ಕೊಟ್ರೆ ಆಗ್ತದಾ?" ಕೇಳಿದ್ದು ಸರಿಯಾದ ಪ್ರಶ್ನೆ. ಕಾಂಟ್ರಾಸ್ಟ್ ಹಿಗ್ಗಿಸುವುದು ಮುಗಿದಿದೆ, ಹಾಗಾಗಿ 8 ಬಿಟ್‌ನ ಪೆಟ್ಟು ಮೊದಲಿನಷ್ಟು ಇಲ್ಲ. ಆದರೂ ಬೇಡ ಅಂದೆ. ನಾನು ಇಲ್ಲಿ ಭಾಗವತಿಕೆಯ ಸಾಹಿತ್ಯದ ಅಕ್ಷರ ಕೂರಿಸಬೇಕು, ಎರಡು ಕಡೆ ಫೇಡ್ ಇದೆ, ಆಮೇಲೆ ಮತ್ತೆ ಎಕ್ಸ್‌ಪೋರ್ಟ್ ಆಗಬೇಕು. ಒಮ್ಮೆ ಎಚ್.264 ಬಿಸಾಡಿದ್ದರ ಮೇಲೆ ಇನ್ನೊಮ್ಮೆ ಎಚ್.264 ಬಿಸಾಡಲು ಹೊರಟರೆ ಕತ್ತಲ ಜಾಗಗಳು ಚೌಕ ಚೌಕವಾಗಿ ಒಡೆಯುತ್ತವೆ. ನನ್ನ ಚಿತ್ರದಲ್ಲಿ ಮುಕ್ಕಾಲು ಪಾಲು ಕತ್ತಲೆಯೇ.

ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ `Premiere XML` ಪ್ರಿಸೆಟ್, ಕೋಡೆಕ್ ಪ್ರೊರೆಸ್ 422 ಎಚ್‌ಕ್ಯೂ, ಶಾಟಿಗೊಂದು ಫೈಲು, 12 ಫ್ರೇಮ್ ಹ್ಯಾಂಡಲ್. ಹ್ಯಾಂಡಲ್ ಇದ್ದದ್ದು ಒಳ್ಳೆಯದೇ ಆಯಿತು. ಚೆಂಡೆಯ ಪೆಟ್ಟಿಗೆ ಸರಿಯಾಗಿ ಒಂದು ಕಟ್ ನಾಲ್ಕು ಫ್ರೇಮ್ ಸರಿಸಬೇಕಾಗಿ ಬಂತು, ಅವನನ್ನು ಮತ್ತೆ ಕೇಳದೆ ಇಲ್ಲೇ ಮಾಡಿದೆ.

ಪೂರ್ತಿ ರೆಂಡರ್‌ಗೆ ಮೊದಲು ಮೂರು ಶಾಟು ಮಾತ್ರ ತರಿಸಿಕೊಂಡು ನೋಡಿದ್ದೆ. ಕಪ್ಪು ಇರಬೇಕಾದ ಕಡೆ ಬೂದು ಇತ್ತು, ಚಿತ್ರ ತೊಳೆದ ಹಾಗೆ. ಇದು ಕಲರ್‌ನ ತಪ್ಪಲ್ಲ, ಕೋಡೆಕ್‌ನದ್ದೂ ಅಲ್ಲ. 10 ಬಿಟ್ ವಿಡಿಯೋ ಲೆವೆಲ್‌ನಲ್ಲಿ ಕಪ್ಪು 64, ಬಿಳಿ 940. ಫುಲ್ ಲೆವೆಲ್‌ನಲ್ಲಿ 0ಯಿಂದ 1023. ಬರೆಯುವವನು ಒಂದು, ಓದುವವನು ಇನ್ನೊಂದು ಅಂದುಕೊಂಡರೆ ಚಿತ್ರ ತೊಳೆದಂತೆ ಅಥವಾ ಕಪ್ಪು ಕಟ್ಟಿದಂತೆ ಕಾಣುತ್ತದೆ. ರಿಸಾಲ್ವ್ ಒಳಗಿನ ಸ್ಕೋಪ್‌ನಲ್ಲಿ ಕಪ್ಪು ತಳದಲ್ಲಿದ್ದು ಪ್ರೀಮಿಯರ್‌ನ ಸ್ಕೋಪ್‌ನಲ್ಲಿ ತಳದಿಂದ ಮೇಲೆ ನಿಂತಿದ್ದರೆ ಇದೇ ಕಾರಣ ಅಂತ ಹಿಡಿಯಬಹುದು. ಎರಡು ಸಲ ಲೆವೆಲ್ ಒತ್ತಲಾಗಿದೆ ಅಂತ ಅರ್ಥ. ಅವನ ಕಡೆ ಮೂಲ ಕ್ಲಿಪ್ಪುಗಳ ಲೆವೆಲ್ ಸರಿಯಿದೆಯೇ ಅಂತ ನೋಡಿ, ಡೆಲಿವರ್‌ನಲ್ಲಿ `Data Levels` ಅನ್ನು `Auto`ಗೆ ತಂದ. ಸರಿಹೋಯಿತು. ಇಂಥದ್ದನ್ನು, ಕತ್ತಲ ಭಾಗವನ್ನು ಏರಿಸಿ ಇಳಿಸುವ ಲಿಫ್ಟ್ ಇಳಿಸಿ ಸರಿ ಮಾಡಲು ಹೋಗಬೇಡಿ. ಕಪ್ಪು ಸರಿಯಾದಂತೆ ಕಂಡರೂ ಬಿಳಿ ತಪ್ಪಿರುತ್ತದೆ.

ಕೊನೆಯ ಫೈಲು

ಅಕ್ಷರ, ಫೇಡ್, ಧ್ವನಿ ಎಲ್ಲ ಸೇರಿಸಿ ಮೊದಲು ಒಂದು ಪ್ರೊರೆಸ್ 422 ಎಚ್‌ಕ್ಯೂ ಮಾಸ್ಟರ್ ತೆಗೆದೆ. 66 ಜಿಬಿ. ಆ ಮಾಸ್ಟರ್‌ನಿಂದ ಯೂಟ್ಯೂಬಿಗೆ 40 ಮೆಗಾಬಿಟ್‌ನ ಎಚ್.264. ಮೊದಲ ದಿನ ಕಳಿಸಿದ್ದೂ ಇದೇ ಕೋಡೆಕ್, ಇದೇ 40 ಮೆಗಾಬಿಟ್, ಅದೇ 3.6 ಜಿಬಿ. ಆದರೆ ಈ ಸಲ ಇದರ ಮೇಲೆ ಯಾರೂ ಕೈ ಇಡುವುದಿಲ್ಲ.

ಆಕಾಶದ ಶಾಟಿಗೆ ಗೆಳೆಯ ಸ್ವಲ್ಪ ಗ್ರೇನ್ ಸೇರಿಸಿದ್ದ. 8 ಬಿಟ್ಟಿಗೆ ಇಳಿಯುವಾಗ ಮೆಟ್ಟಿಲಿನ ಅಂಚು ಮುಚ್ಚಲಿ ಅಂತ. ಮಾಸ್ಟರ್‌ನಲ್ಲಿ ಅದು ಪೂರ್ತಿ ಕೆಲಸ ಮಾಡಿತು. ಅಪ್‌ಲೋಡ್ ಆಗಿ ಯೂಟ್ಯೂಬ್ ಮತ್ತೊಮ್ಮೆ ಒತ್ತಿದ ಮೇಲೆ, ಟಿವಿಯಲ್ಲಿ ಹತ್ತಿರ ಹೋಗಿ ನೋಡಿದರೆ, ಮೇಲಿನ ಎಡ ಮೂಲೆಯಲ್ಲಿ ಒಂದು ಮಸುಕಾದ ಪಟ್ಟೆ ಇನ್ನೂ ಕಾಣುತ್ತದೆ. ಅಷ್ಟನ್ನು ನಮ್ಮ ಕೈಯಿಂದ ತೆಗೆಯಲು ಆಗಲಿಲ್ಲ. ಮುಂಡಾಸಿನ ಕೆಂಪು ಮಾತ್ರ ಅಂಚಿನವರೆಗೂ ತುಂಬಿ ನಿಂತಿದೆ.

94 ಜಿಬಿ ಕ್ಲಿಪ್ಪುಗಳನ್ನು ಅಳಿಸಿದೆ, ಮೂಲ ಇದೆಯಲ್ಲ. ಕ್ಯಾಮೆರಾ ಫೈಲು, ಪ್ರಾಜೆಕ್ಟ್, ಎಕ್ಸ್‌ಎಂಎಲ್, ಮಾಸ್ಟರ್ ಇವಿಷ್ಟು ಎರಡು ಡಿಸ್ಕಿನಲ್ಲಿ ಇಟ್ಟಿದ್ದೇನೆ. ಒಂದು ಇಲ್ಲಿ, ಒಂದು ಬೆಂಗಳೂರಿನಲ್ಲಿ.